ಯಾರ ರೈಬೋಸೋಮ್?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಪ್ರೋಟೀನ್ ತಯಾರಿಯ ಚಿತ್ರವೊಂದಿದೆ. ಒಂದರ ಮೇಲೊಂದು ಕೂತ ಎರಡು ಉಂಡೆಗಳು, ಅವುಗಳ ನಡುವೆ ಹಾದುಹೋಗುವ ಪಟ್ಟಿ, ಪಟ್ಟಿಯ ಮೇಲೆ ಮೂರು ಮೂರು ಅಕ್ಷರಗಳು, ಆ ಅಕ್ಷರಗಳಿಗೆ ಕಾಲೂರಿ ನಿಂತ ಒಂದೆರಡು ಟಿ-ಆರ್‌ಎನ್‌ಎಗಳು, ಅವುಗಳ ತುದಿಯಿಂದ ಹೊರಟ ಅಮೈನೋ ಆಮ್ಲಗಳ ಸರಪಳಿ. ಭಟ್ಕಳ, ಹೊನ್ನಾವರ, ಕುಮಟಾಗಳ ಕಾಲೇಜುಗಳಲ್ಲಿ ಇದನ್ನು ಬಿಡಿಸಿ ಹೆಸರು ಗುರುತಿಸುವುದನ್ನು ಪ್ರತಿ ವರ್ಷವೂ ಹುಡುಗ ಹುಡುಗಿಯರು ಕಲಿಯುತ್ತಾರೆ. ಹೆಸರು ಸರಿಯಾಗಿ ಬರೆದರೆ ಅಂಕ ಬರುತ್ತದೆ, ಅಲ್ಲಿಗೆ ಚಿತ್ರದ ಕೆಲಸ ಮುಗಿಯುತ್ತದೆ.

ಮುಗಿಯಬಾರದು ಎಂಬುದು ನನ್ನ ವಾದ. ಈ ಮೂರು ತಾಲೂಕುಗಳ ಮಟ್ಟಿಗಂತೂ ಈ ಚಿತ್ರ ಪರೀಕ್ಷೆಯ ಆಚೆಗೂ ಬೇಕಾಗುತ್ತದೆ. ಇಲ್ಲಿನ ಕಾಡಂಚಿನ ಊರುಗಳಲ್ಲಿ ಬೇಸಿಗೆಗೆ ಮಂಗನ ಕಾಯಿಲೆಯ ಭಯವಿದೆ. ಮಳೆಗಾಲದಲ್ಲಿ ಗದ್ದೆಯ ನೀರಿಗೆ ಇಳಿದವರಿಗೆ ಇಲಿ ಜ್ವರದ ಭಯವಿದೆ. ಎರಡೂ ಜ್ವರ, ತಲೆನೋವು, ಮೈಕೈ ನೋವಿನಿಂದಲೇ ಶುರುವಾಗುತ್ತವೆ. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆ ಕೆಲಸ ಮಾಡುತ್ತದೆ. ಮಂಗನ ಕಾಯಿಲೆಯ ವೈರಸ್ ಮೇಲೆ ಅದೇ ಗುಳಿಗೆ ಏನೂ ಮಾಡುವುದಿಲ್ಲ. ಕಾರಣ ಕೇಳಿದರೆ ಒಂದು ಬ್ಯಾಕ್ಟೀರಿಯಾ, ಇನ್ನೊಂದು ವೈರಸ್ ಎಂಬ ಉತ್ತರ ಸಿಗುತ್ತದೆ. ಅದು ಸರಿಯೇ, ಆದರೆ ಅರ್ಧ ಮಾತ್ರ. ಉಳಿದರ್ಧ ಆ ಚಿತ್ರದಲ್ಲಿದೆ, ಮತ್ತು ಅದನ್ನು ನೋಡಬೇಕಾದರೆ ಚಿತ್ರವನ್ನು ಭಾಗಗಳ ಪಟವಾಗಿ ಓದದೆ ನಡೆಯುತ್ತಿರುವ ಕೆಲಸವಾಗಿ ಓದಬೇಕು.

ಮೊದಲು ಪಟ್ಟಿಯನ್ನು ಹಿಡಿಯೋಣ. ಅದು ಎಂ-ಆರ್‌ಎನ್‌ಎ. ಅದಕ್ಕೆ 5′ ಎಂಬ ತುದಿಯೊಂದು, 3′ ಎಂಬ ತುದಿಯೊಂದು. ರೈಬೋಸೋಮ್ ಯಾವಾಗಲೂ 5′ ಕಡೆಯಿಂದ 3′ ಕಡೆಗೆ ಓದುತ್ತದೆ. ಚಿತ್ರದಲ್ಲಿ ಸಾಮಾನ್ಯವಾಗಿ 5′ ಎಡಕ್ಕಿರುತ್ತದೆ. ಪಟ್ಟಿಯ ಮೊದಲ ಅಕ್ಷರದಿಂದಲೇ ಓದು ಶುರುವಾಗುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ರೈಬೋಸೋಮಿನ ಚಿಕ್ಕ ಉಂಡೆ ಮೊದಲ ಟಿ-ಆರ್‌ಎನ್‌ಎಯನ್ನು ಹೊತ್ತುಕೊಂಡೇ 5′ ತುದಿಯ ಟೋಪಿಯ ಬಳಿ ಕೂತು, ಅಲ್ಲಿಂದ ಸರಿಯುತ್ತಾ AUG ಎಂಬ ಮೂರಕ್ಷರ ಸರಿಯಾದ ನೆರೆಹೊರೆಯಲ್ಲಿ ಸಿಗುವವರೆಗೆ ಹುಡುಕುತ್ತದೆ. ಸಿಕ್ಕ ಮೇಲೆಯೇ ದೊಡ್ಡ ಉಂಡೆ ಬಂದು ಕೂಡಿಕೊಳ್ಳುವುದು. ಚಿತ್ರದಲ್ಲಿ ಎರಡೂ ಉಂಡೆಗಳು ಸದಾ ಒಟ್ಟಿಗೇ ಇರುವುದರಿಂದ ಈ ಹುಡುಕಾಟ ಕಾಣಿಸುವುದಿಲ್ಲ. ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ, ಏಕೆಂದರೆ ಎಲ್ಲಿಂದ ಮೂರು ಎಣಿಸಬೇಕು ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಒಂದು ನಿಜವಾದ ಪಟ್ಟಿಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಗ್ಲೋಬಿನ್ ಎಂಬ ಸರಪಳಿ ಇದೆ. ಮನುಷ್ಯರಲ್ಲಿ ಅದರ ಓದು ಹೀಗೆ ಶುರುವಾಗುತ್ತದೆ:

```
5′- AUG GUG CAU CUG ACU CCU GAG GAG AAG UCU -3′
```

ಮೊದಲ AUG ರೈಬೋಸೋಮಿನ ಪಿ ತಾಣದಲ್ಲಿದೆ. ಅದರ ಮೇಲೆ ಮೆಥಿಯೊನಿನ್ ಹೊತ್ತ ಮೊದಲ ಟಿ-ಆರ್‌ಎನ್‌ಎ ನಿಂತಿದೆ. ಪಕ್ಕದ ಎ ತಾಣ ಖಾಲಿ, ಅಲ್ಲಿ GUG ಕಾಯುತ್ತಿದೆ. ಪ್ರತಿಯೊಂದು ಟಿ-ಆರ್‌ಎನ್‌ಎಯೂ ಎ ತಾಣದ ಮೂಲಕವೇ ಒಳಗೆ ಬರಬೇಕು ಎಂಬ ನಿಯಮಕ್ಕೆ ಈ ಮೊದಲನೆಯದೊಂದೇ ಅಪವಾದ. ಅದು ನೇರವಾಗಿ ಪಿ ತಾಣದಲ್ಲಿ ಕೂರುತ್ತದೆ. ಹಾಗೆ ಕೂರಲು ಅದರ ಮೈಯಲ್ಲೇ ಬೇರೆ ಗುರುತುಗಳಿವೆ. ಬ್ಯಾಕ್ಟೀರಿಯಾದಲ್ಲಿ ಈ ಗುರುತು ಆಂಟಿಕೋಡಾನ್‌ಗೆ ಆಸರೆಯಾದ ಕಾಂಡದಲ್ಲಿ ಸಾಲಾಗಿ ಬರುವ ಮೂರು G–C ಜೋಡಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ಪ್ರಯೋಗಾಲಯ ಈ ಮೂರು ಜೋಡಿಗಳ ಪಾತ್ರದ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ಪುಸ್ತಕದ ಚಿತ್ರದಲ್ಲಿ ಎಲ್ಲ ಟಿ-ಆರ್‌ಎನ್‌ಎಗಳೂ ಒಂದೇ ಅಚ್ಚಿನವು. ಕೋಶದ ಒಳಗೆ ಹಾಗಿಲ್ಲ.

ಈಗ GUGಗೆ ಹೊಂದುವ ಟಿ-ಆರ್‌ಎನ್‌ಎ ವ್ಯಾಲಿನ್ ಹೊತ್ತು ಎ ತಾಣಕ್ಕೆ ಬರುತ್ತದೆ. ಬಂದ ಕೂಡಲೇ ಒಪ್ಪಿಗೆ ಸಿಗುವುದಿಲ್ಲ. ಜಿಟಿಪಿ ಹಿಡಿದ ಸಹಾಯಕ ಪ್ರೋಟೀನೊಂದು ಅದನ್ನು ಒಳಗೆ ತಂದಿರುತ್ತದೆ. ಕೋಡಾನ್ ಮತ್ತು ಆಂಟಿಕೋಡಾನ್ ಸರಿಯಾಗಿ ಜೋಡಿಯಾದರೆ ಆ ಜಿಟಿಪಿ ಒಡೆದು ಸಹಾಯಕ ಹೊರಗೆ ಹೋಗುತ್ತದೆ. ಸರಿಹೊಂದದ ಟಿ-ಆರ್‌ಎನ್‌ಎ ಬಹುಪಾಲು ಸಲ ಈ ಹಂತದಲ್ಲೇ ಜಾರಿಹೋಗುತ್ತದೆ. ಈ ತಪಾಸಣೆಯಿಂದಾಗಿಯೇ ತಪ್ಪು ಅಮೈನೋ ಆಮ್ಲ ಸೇರುವುದು ಸುಮಾರು ಸಾವಿರದಿಂದ ಹತ್ತು ಸಾವಿರ ಕೋಡಾನ್‌ಗಳಿಗೆ ಒಮ್ಮೆ ಮಾತ್ರ.

ಮುಂದಿನ ಹೆಜ್ಜೆಯಲ್ಲಿ ಬಹಳ ಜನ ಎಡವುತ್ತಾರೆ. ಪಿ ತಾಣದಲ್ಲಿ ಮೆಥಿಯೊನಿನ್, ಎ ತಾಣದಲ್ಲಿ ವ್ಯಾಲಿನ್. ಯಾವುದು ಯಾವುದರ ಬಳಿಗೆ ಹೋಗುತ್ತದೆ? ಹೊಸದಾಗಿ ಬಂದ ವ್ಯಾಲಿನ್ ಹೋಗಿ ಹಳೆಯ ಸರಪಳಿಗೆ ಅಂಟಿಕೊಳ್ಳುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ಅದರ ತಿರುಗುಮುರುಗು. ಪಿ ತಾಣದ ಟಿ-ಆರ್‌ಎನ್‌ಎಯಿಂದ ಇಡೀ ಸರಪಳಿ ಬಿಡಿಸಿಕೊಂಡು ಎ ತಾಣದ ಅಮೈನೋ ಆಮ್ಲದ ಮೇಲೆ ಬಂದು ಕೂರುತ್ತದೆ. ಈ ಸಲ ಸರಪಳಿಯೆಂದರೆ ಒಂದೇ ಒಂದು ಮೆಥಿಯೊನಿನ್, ಹಾಗಾಗಿ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ಸರಪಳಿ ನೂರು ಅಮೈನೋ ಆಮ್ಲ ಉದ್ದವಾದಾಗಲೂ ನಡೆಯುವುದು ಇದೇ. ನೂರೂ ಒಟ್ಟಿಗೆ ಹೊಸಬನ ತಲೆಯ ಮೇಲೆ ಏರುತ್ತವೆ. ಆದ್ದರಿಂದ ಹೊಸ ಅಮೈನೋ ಆಮ್ಲ ಯಾವಾಗಲೂ ಟಿ-ಆರ್‌ಎನ್‌ಎಗೆ ಅಂಟಿದ ತುದಿಯಲ್ಲಿರುತ್ತದೆ, ಎಲ್ಲಕ್ಕಿಂತ ಮೊದಲು ಬಂದ ಮೆಥಿಯೊನಿನ್ ಎಲ್ಲಕ್ಕಿಂತ ದೂರದ ತುದಿಯಲ್ಲಿ. ಉತ್ತರಪತ್ರಿಕೆಯ ಚಿತ್ರದಲ್ಲಿ ಹೊಸ ಮಣಿಯನ್ನು ಹೊರತುದಿಗೆ ಸೇರಿಸಿದ್ದರೆ, ಬಿಡಿಸಿದವರಿಗೆ ಹೆಸರುಗಳು ಗೊತ್ತು, ಕೆಲಸ ಗೊತ್ತಿಲ್ಲ ಎಂದು ತಿಳಿಯಬಹುದು.

ಈ ಬಂಧ ಬೆಸೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಖಚಿತವಾಗಲು 2000ನೇ ಇಸವಿ ಬರಬೇಕಾಯಿತು. ಆ ವರ್ಷ ರೈಬೋಸೋಮಿನ ಪರಮಾಣು ಮಟ್ಟದ ರಚನೆಗಳು ಹೊರಬಂದಾಗ, ಬಂಧ ಬೆಸೆಯುವ ಜಾಗದ ಸುತ್ತ ಪ್ರೋಟೀನ್ ಇಲ್ಲ, ಇರುವುದೆಲ್ಲ ರೈಬೋಸೋಮಿನದೇ ಆರ್‌ಎನ್‌ಎ ಎಂದು ಕಂಡಿತು. ಪ್ರೋಟೀನನ್ನು ಕಟ್ಟುವ ಕೈ ಪ್ರೋಟೀನಿನದಲ್ಲ! ಈ ರಚನೆಗಳಿಗಾಗಿ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅಡಾ ಯೊನಾತ್ ಅವರಿಗೆ 2009ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಬಂಧವಾದ ಮೇಲೆ ಮೂರನೆಯ ಹೆಜ್ಜೆ. ಇನ್ನೊಂದು ಸಹಾಯಕ ಪ್ರೋಟೀನ್ ಇನ್ನೊಂದು ಜಿಟಿಪಿ ಖರ್ಚುಮಾಡಿ ರೈಬೋಸೋಮನ್ನು ಪಟ್ಟಿಯ ಮೇಲೆ ಸರಿಯಾಗಿ ಮೂರು ಅಕ್ಷರದಷ್ಟು ಮುಂದಕ್ಕೆ ದೂಡುತ್ತದೆ. ಎ ತಾಣದಲ್ಲಿದ್ದುದು ಪಿ ತಾಣಕ್ಕೆ ಬರುತ್ತದೆ. ಪಿ ತಾಣದಲ್ಲಿದ್ದ ಖಾಲಿ ಟಿ-ಆರ್‌ಎನ್‌ಎ ಇ ತಾಣಕ್ಕೆ ಸರಿದು ಅಲ್ಲಿಂದ ಹೊರಬೀಳುತ್ತದೆ. ಈ ಇ ತಾಣವನ್ನು ಕ್ನುಡ್ ನೀರ್‌ಹೌಸ್ ಅವರ ತಂಡ ಮುಂದಿಟ್ಟದ್ದು 1981ರಲ್ಲಿ. ಕೆಲವು ಪುಸ್ತಕಗಳ ಚಿತ್ರಗಳಲ್ಲಿ ಇಂದಿಗೂ ಎರಡೇ ತಾಣಗಳು. ಈಗ ಎ ತಾಣ ಮತ್ತೆ ಖಾಲಿ, ಅಲ್ಲಿ CAU ಕಾಣುತ್ತಿದೆ. ಹಿಸ್ಟಿಡಿನ್ ಬರುತ್ತದೆ, ಆಮೇಲೆ CUGಗೆ ಲ್ಯೂಸಿನ್, ACUಗೆ ಥ್ರಿಯೊನಿನ್.

ಇಷ್ಟು ಗೊತ್ತಿದ್ದರೆ ಯಾವ ಪುಸ್ತಕದ ಚಿತ್ರವಾದರೂ ಯಾವ ಕ್ಷಣದ್ದು ಎಂದು ಹೇಳಬಹುದು. ಸರಪಳಿಯನ್ನು ಹಿಡಿದವರು ಯಾರು ಎಂದು ನೋಡಿದರೆ ಸಾಕು. ಪಿ ತಾಣದಲ್ಲಿ ಸರಪಳಿ, ಎ ತಾಣದಲ್ಲಿ ಒಂಟಿ ಅಮೈನೋ ಆಮ್ಲ ಇದ್ದರೆ ಬಂಧ ಇನ್ನೂ ಆಗಿಲ್ಲ. ಎ ತಾಣದಲ್ಲಿ ಸರಪಳಿ ಇದ್ದು ಪಿ ತಾಣದ್ದು ಬರಿಗೈಯಲ್ಲಿದ್ದರೆ ಬಂಧ ಆಗಿದೆ, ಸರಿಯುವುದು ಬಾಕಿ. ಪಿ ತಾಣದಲ್ಲಿ ಸರಪಳಿ ಇದ್ದು ಎ ತಾಣ ಖಾಲಿಯಿದ್ದರೆ ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಕಾಯುತ್ತಿದೆ. ನನ್ನ ಅಭಿಪ್ರಾಯದಲ್ಲಿ ಹತ್ತು ಭಾಗಗಳನ್ನು ಹೆಸರಿಸಿ ಎಂದು ಕೇಳುವ ಬದಲು ಇದು ಯಾವ ಕ್ಷಣ ಎಂದು ಕೇಳಿದರೆ ಇಡೀ ಪಾಠ ಒಂದೇ ಪ್ರಶ್ನೆಯಲ್ಲಿ ಪರೀಕ್ಷೆಯಾಗುತ್ತದೆ.

ಆಂಟಿಕೋಡಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಿತ್ರದಲ್ಲಿ AUG ಕೆಳಗೆ UAC ಎಂದು ಬರೆದಿರುತ್ತದೆ. ಕೋಡಾನ್ 5′ಯಿಂದ 3′ಗೆ ಓಡಿದರೆ ಆಂಟಿಕೋಡಾನ್ ಅದಕ್ಕೆ ಎದುರು ದಿಕ್ಕಿನಲ್ಲಿ ಮಲಗಿರುತ್ತದೆ, ಆದ್ದರಿಂದ ಅದು 3′-UAC-5′. ಇದನ್ನೇ ವಾಡಿಕೆಯಂತೆ 5′ಯಿಂದ ಬರೆದರೆ CAU ಆಗುತ್ತದೆ. ಒಂದು ಪುಸ್ತಕ UAC ಎನ್ನುತ್ತದೆ, ಇನ್ನೊಂದು CAU ಎನ್ನುತ್ತದೆ, ಎರಡೂ ಸರಿ. ತುದಿಗಳ ಗುರುತು ಹಾಕದೆ ಬರೆದಾಗ ಮಾತ್ರ ಗೊಂದಲ. ಇನ್ನೂ ಗಂಭೀರವಾದದ್ದು ಮೂರನೆಯ ಅಕ್ಷರದ ವಿಷಯ. ನಮ್ಮ ಪಟ್ಟಿಯ CAUಗೆ ಅಕ್ಷರಕ್ಕೆ ಅಕ್ಷರ ಜೋಡಿಸಿ ಆಂಟಿಕೋಡಾನ್ ಬರೆಯಿರಿ ಎಂದರೆ 3′-GUA-5′ ಎಂದು ಬರೆಯುತ್ತೇವೆ, ಪೂರ್ಣ ಅಂಕವೂ ಸಿಗುತ್ತದೆ. ಮನುಷ್ಯನ ಕೋಶದಲ್ಲಿ ಹಿಸ್ಟಿಡಿನ್ ಹೊರುವ ಟಿ-ಆರ್‌ಎನ್‌ಎಯ ಆಂಟಿಕೋಡಾನ್ ಮಾತ್ರ GUG. ಅದು CACಯನ್ನೂ ಓದುತ್ತದೆ, CAUವನ್ನೂ ಓದುತ್ತದೆ, ಏಕೆಂದರೆ ಕೋಡಾನಿನ ಮೂರನೆಯ ಅಕ್ಷರದಲ್ಲಿ G ಎಂಬುದು Uವಿನ ಜೊತೆಗೂ ಹೊಂದಿಕೊಳ್ಳಬಲ್ಲದು. ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ಈ ಸಡಿಲಿಕೆಯನ್ನು ವಿವರಿಸಿದ. ಅಮೈನೋ ಆಮ್ಲಕ್ಕೆ ಸಲ್ಲುವ 61 ಕೋಡಾನ್‌ಗಳಿದ್ದರೂ 61 ಬಗೆಯ ಟಿ-ಆರ್‌ಎನ್‌ಎ ಬೇಕಾಗದಿರುವುದು ಇದರಿಂದಲೇ.

ಹಾಗಾದರೆ CAU ಎಂದರೆ ಹಿಸ್ಟಿಡಿನ್ ಎಂಬ ಅರ್ಥವನ್ನು ಕೊಟ್ಟವರು ಯಾರು? ರೈಬೋಸೋಮ್ ಎಂದು ಚಿತ್ರ ನೋಡಿದವರು ಹೇಳಬಹುದು. ಆದರೆ ರೈಬೋಸೋಮಿಗೆ ಅಮೈನೋ ಆಮ್ಲದ ಗುರುತು ಬಹುಮಟ್ಟಿಗೆ ಸಿಗುವುದೇ ಇಲ್ಲ, ಅದು ನೋಡುವುದು ಕೋಡಾನ್ ಮತ್ತು ಆಂಟಿಕೋಡಾನ್‌ಗಳ ಜೋಡಿಯನ್ನು. 1962ರಲ್ಲಿ ಫ್ರಾಂಸ್ವಾ ಶಾಪ್ವಿಲ್, ಫ್ರಿಟ್ಜ್ ಲಿಪ್‌ಮನ್ ಮತ್ತು ಸಂಗಡಿಗರು ಇದನ್ನು ಅಚ್ಚುಕಟ್ಟಾಗಿ ತೋರಿಸಿದರು. ಸಿಸ್ಟೀನ್ ಹೊತ್ತ ಟಿ-ಆರ್‌ಎನ್‌ಎಯನ್ನು ತೆಗೆದುಕೊಂಡು, ಸಿಸ್ಟೀನ್‌ನಲ್ಲಿದ್ದ ಗಂಧಕವನ್ನು ನಿಕ್ಕಲ್ ಬಳಸಿ ತೆಗೆದುಹಾಕಿದರು. ಟಿ-ಆರ್‌ಎನ್‌ಎ ಅದೇ, ಅದರ ಮೇಲಿನ ಸಿಸ್ಟೀನ್ ಮಾತ್ರ ಅಲನಿನ್ ಆಗಿತ್ತು. ಪ್ರೋಟೀನ್ ತಯಾರಾಗುವ ಮಿಶ್ರಣಕ್ಕೆ ಅದನ್ನು ಹಾಕಿದಾಗ, ಸಿಸ್ಟೀನ್ ಬರಬೇಕಾದ ಕಡೆ ಅಲನಿನ್ ಸೇರಿತು. ರೈಬೋಸೋಮ್ ಚಕಾರ ಎತ್ತಲಿಲ್ಲ. ಅರ್ಥ ನಿರ್ಧಾರವಾಗುವುದು ಅದಕ್ಕೂ ಮೊದಲು, ಯಾವ ಟಿ-ಆರ್‌ಎನ್‌ಎಗೆ ಯಾವ ಅಮೈನೋ ಆಮ್ಲ ಎಂದು ಕಟ್ಟಿಕೊಡುವ ಕಿಣ್ವಗಳ ಕೈಯಲ್ಲಿ. ಚಿತ್ರದ ಅತ್ಯಂತ ಮುಖ್ಯ ಕೆಲಸಗಾರರು ಚಿತ್ರದಲ್ಲೇ ಇಲ್ಲ.

ಓದು ಎಲ್ಲಿ ತಪ್ಪಬಹುದು ಎಂಬುದಕ್ಕೂ ಇದೇ ಪಟ್ಟಿ ಸಾಕು. ಮೆಥಿಯೊನಿನ್ ಬಿಟ್ಟು ಎಣಿಸಿದರೆ ಆರನೆಯ ಕೋಡಾನ್ GAG, ಅಂದರೆ ಗ್ಲುಟಾಮಿಕ್ ಆಮ್ಲ. ನಡುವಿನ A ಹೋಗಿ U ಬಂದರೆ GUG, ಅಂದರೆ ವ್ಯಾಲಿನ್. ಇದು ಕುಡಗೋಲು ಕಣದ ರಕ್ತಹೀನತೆ. ಇಲ್ಲಿ ಟಿ-ಆರ್‌ಎನ್‌ಎಯೂ ರೈಬೋಸೋಮೂ ಏನೂ ತಪ್ಪು ಮಾಡಿಲ್ಲ, ಬರೆದದ್ದನ್ನು ಬರೆದ ಹಾಗೆ ಓದಿವೆ. ಎಣಿಕೆ ಆರೋ ಏಳೋ ಎಂಬ ಗೊಂದಲಕ್ಕೂ ಕಾರಣ ಸರಳ. ತಯಾರಾದ ಗ್ಲೋಬಿನ್‌ನಿಂದ ಮೊದಲ ಮೆಥಿಯೊನಿನ್ ಕತ್ತರಿಸಿಹೋಗುತ್ತದೆ, ಹಳೆಯ ಎಣಿಕೆ ಅದನ್ನು ಬಿಟ್ಟು ಶುರುವಾದದ್ದು.

ಇದಕ್ಕಿಂತ ಬೋಧಪ್ರದವಾದ ಇನ್ನೊಂದು ಬದಲಾವಣೆ ಇದೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಸಾಮಾನ್ಯವಾಗಿ ಕಾಣುವ ಕಾರಣಗಳಲ್ಲಿ ಒಂದು, ಎಂಟನೆಯ ಮತ್ತು ಒಂಬತ್ತನೆಯ ಕೋಡಾನ್‌ಗಳ ನಡುವೆ ಒಂದು G ಹೆಚ್ಚಾಗಿ ಸೇರಿಕೊಳ್ಳುವುದು. ಮೇಲಿನ ಸಾಲು ಸರಿಯಾದದ್ದು, ಕೆಳಗಿನದು G ಸೇರಿದ್ದು, ಎರಡೂ ಎಂಟನೆಯ ಕೋಡಾನ್‌ನಿಂದ:

```
AAG UCU GCC GUU ACU GCC CUG UGG GGC AAG GUG AAC GUG GAU GAA
AAG GUC UGC CGU UAC UGC CCU GUG GGG CAA GGU GAA CGU GGA UGA
```

ಅಕ್ಷರಗಳೆಲ್ಲ ಹಾಗೆಯೇ ಇವೆ, ಹೆಚ್ಚಾದದ್ದು ಒಂದೇ. ಆದರೆ ರೈಬೋಸೋಮಿಗೆ ಪದಗಳ ನಡುವಿನ ಜಾಗ ಗೊತ್ತಿಲ್ಲ. AUGಯಿಂದ ಮೂರು ಮೂರು ಎಣಿಸುವುದಷ್ಟೇ ಗೊತ್ತು. ಹೀಗಾಗಿ ಅಲ್ಲಿಂದ ಮುಂದಿನ ಪ್ರತಿ ಕೋಡಾನೂ ಬೇರೆಯಾಗುತ್ತದೆ, ಮತ್ತು 22ನೆಯ ಜಾಗದಲ್ಲಿ, GAA ಇರಬೇಕಾದಲ್ಲಿ, UGA ಎದುರಾಗುತ್ತದೆ. ಅದು ನಿಲುಗಡೆಯ ಕೋಡಾನ್. ಅದಕ್ಕೆ ಹೊಂದುವ ಟಿ-ಆರ್‌ಎನ್‌ಎ ಇಲ್ಲ. ಎ ತಾಣಕ್ಕೆ ಬರುವುದು ಬಿಡುಗಡೆಯ ಪ್ರೋಟೀನ್, ಅದು ಸರಪಳಿಯ ತುದಿಗೆ ನೀರಿನ ಅಣುವೊಂದನ್ನು ತಗುಲಿಸಿ ಅದನ್ನು ಕಳಚುತ್ತದೆ. 146 ಅಮೈನೋ ಆಮ್ಲ ಇರಬೇಕಾದ ಸರಪಳಿ 21ಕ್ಕೇ ಮುಗಿಯುತ್ತದೆ. ಅಷ್ಟೂ ಅಪರೂಪವೇ, ಏಕೆಂದರೆ ಇಂಥ ಅಕಾಲದ ನಿಲುಗಡೆ ಇರುವ ಪಟ್ಟಿಗಳನ್ನು ಕೋಶ ಗುರುತಿಸಿ ಬಹುಪಾಲು ಒಡೆದುಹಾಕುತ್ತದೆ. ನಿಲುಗಡೆಯ ಕೋಡಾನಿನ ಎದುರು ಟಿ-ಆರ್‌ಎನ್‌ಎ ಬಿಡಿಸಿದ ಚಿತ್ರವನ್ನು ಕಂಡರೆ ತಿದ್ದಲೇಬೇಕು.

ಇಷ್ಟು ಸಿದ್ಧತೆಯೊಂದಿಗೆ ಹೊನ್ನಾವರದ ಕಾಡಂಚಿಗೆ ಬರೋಣ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಮೇಲೆ ಅದು ಪಶ್ಚಿಮ ಘಟ್ಟದುದ್ದಕ್ಕೂ ಹರಡಿತು. ಉತ್ತರ ಕನ್ನಡದಲ್ಲಿ ಹೊನ್ನಾವರ, ಸಿದ್ದಾಪುರ, ಭಟ್ಕಳ, ಕುಮಟಾ ತಾಲೂಕುಗಳೂ ಇದನ್ನು ಕಂಡಿವೆ. ಡಿಸೆಂಬರ್‌ನಿಂದ ಮೇವರೆಗೆ, ದರಕು ತರಲೋ ಸೊಪ್ಪು ಕಡಿಯಲೋ ಸೊಪ್ಪಿನ ಬೆಟ್ಟಕ್ಕೆ ಹೋದವರಿಗೆ ಮರಿ ಉಣುಗು ಕಚ್ಚುತ್ತದೆ. ಅದರ ಜೊಲ್ಲಿನೊಂದಿಗೆ ವೈರಸ್ ಮೈ ಸೇರುತ್ತದೆ.

ಆ ವೈರಸ್ಸಿನ ಒಳಗೆ ಇರುವುದು ಒಂದೇ ಒಂದು ಆರ್‌ಎನ್‌ಎ ಎಳೆ, ಸುಮಾರು 10,774 ಅಕ್ಷರಗಳದ್ದು. ಡಿಎನ್‌ಎ ಇಲ್ಲ. ಈ ಎಳೆ ಮುಂದೆ ಎಂ-ಆರ್‌ಎನ್‌ಎ ಆಗಿ ಬದಲಾಗಬೇಕಾಗಿಯೂ ಇಲ್ಲ, ಅದೇ ಎಂ-ಆರ್‌ಎನ್‌ಎ. ಅದರ 5′ ತುದಿಯಲ್ಲಿ ನಮ್ಮ ಎಂ-ಆರ್‌ಎನ್‌ಎಗಳಲ್ಲಿರುವಂಥದೇ ಟೋಪಿ ಇದೆ. 3′ ತುದಿಯಲ್ಲಿ ನಮ್ಮವುಗಳಿಗಿರುವ A ಅಕ್ಷರಗಳ ಬಾಲ ಮಾತ್ರ ಇಲ್ಲ. ವೈರಸ್ಸಿನ ಬಳಿ ರೈಬೋಸೋಮ್ ಇಲ್ಲ, ಟಿ-ಆರ್‌ಎನ್‌ಎ ಇಲ್ಲ, ಅಮೈನೋ ಆಮ್ಲ ಕಟ್ಟಿಕೊಡುವ ಕಿಣ್ವಗಳಿಲ್ಲ, ಜಿಟಿಪಿಯೂ ಇಲ್ಲ. ಪುಸ್ತಕದ ಚಿತ್ರದಿಂದ ಅದು ತಂದಿರುವುದು ಆ ಪಟ್ಟಿಯೊಂದನ್ನೇ. ಉಳಿದದ್ದೆಲ್ಲ ರೋಗಿಯದು.

ನಮ್ಮ ಚಿಕ್ಕ ಉಂಡೆ ಆ ಟೋಪಿಯನ್ನು ಕಂಡು ಹತ್ತಿಕೊಳ್ಳುತ್ತದೆ, ಸರಿದು AUG ಹುಡುಕುತ್ತದೆ, ದೊಡ್ಡ ಉಂಡೆ ಕೂಡಿಕೊಳ್ಳುತ್ತದೆ, ನಮ್ಮ ಟಿ-ಆರ್‌ಎನ್‌ಎಗಳು ಎ ತಾಣದಿಂದ ಬರತೊಡಗುತ್ತವೆ. ಗ್ಲೋಬಿನ್ ಪಟ್ಟಿಯಲ್ಲಿ ನಡೆದದ್ದಕ್ಕೂ ಇದಕ್ಕೂ ಹೆಜ್ಜೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸವಿರುವುದು ಉದ್ದದಲ್ಲಿ. ಆ ಒಂದು AUGಯಿಂದ ಹೊರಟ ಓದು 3,416 ಅಮೈನೋ ಆಮ್ಲ ಜೋಡಿಸುವವರೆಗೆ ನಿಲ್ಲುವುದಿಲ್ಲ. ನಮ್ಮ ರೈಬೋಸೋಮ್ ಸೆಕೆಂಡಿಗೆ ಸುಮಾರು ಐದಾರು ಅಮೈನೋ ಆಮ್ಲ ಸೇರಿಸುತ್ತದೆ. ಗ್ಲೋಬಿನ್‌ಗೆ ಅರ್ಧ ನಿಮಿಷ ಸಾಕು, ಈ ಸರಪಳಿಗೆ ಹತ್ತು ನಿಮಿಷ ಬೇಕು. ಪ್ರತಿ ಅಮೈನೋ ಆಮ್ಲಕ್ಕೆ ರೈಬೋಸೋಮಿನಲ್ಲಿ ಎರಡು ಜಿಟಿಪಿ, ಅದನ್ನು ಟಿ-ಆರ್‌ಎನ್‌ಎಗೆ ಕಟ್ಟುವಾಗ ಎರಡು ಎಟಿಪಿಯಷ್ಟು ಶಕ್ತಿ, ಒಟ್ಟು ನಾಲ್ಕರ ಲೆಕ್ಕ. ಒಂದು ಸರಪಳಿಗೆ ಹದಿಮೂರು ಸಾವಿರಕ್ಕೂ ಹೆಚ್ಚು. ಆ ಖರ್ಚೂ ರೋಗಿಯ ಕೋಶದ್ದೇ. ಹತ್ತು ಸಾವಿರಕ್ಕೆ ಒಂದು ತಪ್ಪು ಎಂದು ಹಿಡಿದರೂ ಇಷ್ಟುದ್ದದ ಸರಪಳಿಗಳಲ್ಲಿ ಮೂರೂವರೆಗೊಂದರಲ್ಲಿ ಎಲ್ಲೋ ಒಂದು ತಪ್ಪು ಅಮೈನೋ ಆಮ್ಲ ಇರುತ್ತದೆ. ವೈರಸ್ಸಿಗೆ ಅದು ದೊಡ್ಡ ನಷ್ಟವಲ್ಲ, ಏಕೆಂದರೆ ಒಂದೇ ಪಟ್ಟಿಯ ಮೇಲೆ ಸಾಲಾಗಿ ಹಲವು ರೈಬೋಸೋಮ್‌ಗಳು ಓಡುತ್ತಿರುತ್ತವೆ. ಒಂದು ಕೆಟ್ಟರೆ ಹಿಂದೆಯೇ ಇನ್ನೊಂದು ಬರುತ್ತದೆ. ಪುಸ್ತಕದ ಚಿತ್ರದಲ್ಲಿ ಒಂಟಿ ರೈಬೋಸೋಮ್ ಇರುವುದರಿಂದ ಈ ಸಾಲು ನಮ್ಮ ಕಲ್ಪನೆಗೆ ಬರುವುದಿಲ್ಲ.

3,416ರ ಆ ಉದ್ದ ಸರಪಳಿ ಹಾಗೇ ಇದ್ದರೆ ನಿರುಪಯೋಗಿ. ಅದರೊಳಗೆ ಹತ್ತು ಪ್ರೋಟೀನ್‌ಗಳು ಸಾಲಾಗಿ ಬೆಸೆದುಕೊಂಡಿವೆ. ಮೊದಲ ಮೂರು ವೈರಸ್ಸಿನ ಮೈ ಕಟ್ಟುವಂಥವು, ಉಳಿದ ಏಳು ಅದರ ಕೆಲಸ ನಡೆಸುವಂಥವು. ಸರಪಳಿ ಒಳಪೊರೆಯ ಮೇಲೆ ಕೂತ ರೈಬೋಸೋಮಿನಿಂದ ಹೊರಬರುತ್ತಿರುವಾಗಲೇ, ಪೊರೆಯ ಒಳಗೂ ಹೊರಗೂ ನುಸುಳುತ್ತಾ, ಅಲ್ಲಲ್ಲಿ ಕತ್ತರಿಸಿಹೋಗುತ್ತದೆ. ಕೆಲವು ಜಾಗದಲ್ಲಿ ಕತ್ತರಿಸುವುದು ನಮ್ಮದೇ ಕಿಣ್ವಗಳು. ಇನ್ನು ಕೆಲವು ಜಾಗದಲ್ಲಿ ಕತ್ತರಿಸುವುದು NS3 ಎಂಬ ವೈರಸ್ಸಿನದೇ ಕಿಣ್ವ, NS2B ಎಂಬ ಜೊತೆಗಾರನ ನೆರವಿನಿಂದ. ಅಂದರೆ ಸರಪಳಿಯ ಒಂದು ತುಂಡು ತನ್ನನ್ನೇ ಸರಪಳಿಯಿಂದ ಬಿಡಿಸಿಕೊಂಡು ಉಳಿದವರನ್ನೂ ಬಿಡಿಸುತ್ತದೆ. ಕೊನೆಯ ತುಂಡು NS5, ಅದು ಆರ್‌ಎನ್‌ಎಯ ನಕಲು ತೆಗೆಯುವ ಕಿಣ್ವ. ಆರ್‌ಎನ್‌ಎಯಿಂದ ಆರ್‌ಎನ್‌ಎ ನಕಲು ಮಾಡುವ ಇಂಥ ಕಿಣ್ವ ವೈರಸ್ಸಿಗೆ ನಮ್ಮ ಕೋಶದಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಹಾಗಾಗಿ ನಕಲಿಗಿಂತ ಮೊದಲು ಓದು ಆಗಲೇಬೇಕು. ಉಣುಗು ಕಚ್ಚಿದ ಜಾಗದ ಕೋಶದೊಳಗೆ ವೈರಸ್ಸಿನ ಮೊದಲ ಕೆಲಸವೇ ಪಿಯುಸಿ ಪುಸ್ತಕದ ಆ ಚಿತ್ರ.

ಇಲಿ ಜ್ವರದ ಬ್ಯಾಕ್ಟೀರಿಯಾ, ಲೆಪ್ಟೋಸ್ಪೈರಾ, ಹಾಗಲ್ಲ. ಅದು ತನ್ನ ರೈಬೋಸೋಮ್‌ಗಳನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಗದ್ದೆಯ ನೀರಿನಲ್ಲಿ, ಇಲಿಯ ಮೂತ್ರ ಬೆರೆತಲ್ಲಿ, ಕಾಲಿನ ಗಾಯದಿಂದ ಒಳಹೊಕ್ಕ ಮೇಲೂ ಅದು ತನ್ನ ಪ್ರೋಟೀನ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದರ ರೈಬೋಸೋಮ್ ಹೆಜ್ಜೆಗಳಲ್ಲಿ ನಮ್ಮದರಂತೆಯೇ, ಮೈಕಟ್ಟಿನಲ್ಲಿ ಬೇರೆ. ಅದರ ಚಿಕ್ಕ ಉಂಡೆ 30S, ನಮ್ಮದು 40S. ಡಾಕ್ಸಿಸೈಕ್ಲಿನ್ ಹೋಗಿ ಕೂರುವುದು ಆ 30S ಉಂಡೆಯಲ್ಲಿ, ಎ ತಾಣದ ಪಕ್ಕದಲ್ಲಿ. ಅಮೈನೋ ಆಮ್ಲ ಹೊತ್ತು ಬಂದ ಟಿ-ಆರ್‌ಎನ್‌ಎಗೆ ಅಲ್ಲಿ ನೆಲೆಯೂರಲು ಆಗುವುದಿಲ್ಲ. ಪಿ ತಾಣದಲ್ಲಿ ಸರಪಳಿ, ಎ ತಾಣ ಖಾಲಿ, ಆ ಕ್ಷಣದಲ್ಲೇ ಚಿತ್ರ ಸ್ತಬ್ಧವಾಗುತ್ತದೆ. ಈ ಭಾಗದಲ್ಲಿ ಕಾಣುವ ಸ್ಕ್ರಬ್ ಟೈಫಸ್ ಜ್ವರಕ್ಕೂ ಇದೇ ಗುಳಿಗೆ ಹೊಂದುವುದು, ಅದೂ ತನ್ನ ರೈಬೋಸೋಮ್ ಹೊತ್ತ ಬ್ಯಾಕ್ಟೀರಿಯಾ ಆದ್ದರಿಂದಲೇ.

ಮಂಗನ ಕಾಯಿಲೆಯಲ್ಲಿ ಈ ಗುಳಿಗೆಗೆ ಕೂರಲು ಜಾಗವಿಲ್ಲ. ವೈರಸ್ಸಿನ ಪಟ್ಟಿಯನ್ನು ಓದುತ್ತಿರುವುದು ರೋಗಿಯ ರೈಬೋಸೋಮ್. ಅದನ್ನು ನಿಲ್ಲಿಸುವ ಪದಾರ್ಥಗಳೂ ಇವೆ, ಸೈಕ್ಲೊಹೆಕ್ಸಿಮೈಡ್ ಅಂಥದೊಂದು. ಅದು ನಮ್ಮ ರೈಬೋಸೋಮಿನ ಇ ತಾಣದಲ್ಲಿ ಕೂತು ಸರಿಯುವ ಹೆಜ್ಜೆಯನ್ನು ತಡೆಯುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಅದನ್ನು ಬಳಸುತ್ತಾರೆ, ರೋಗಿಗೆ ಕೊಡುವಂತಿಲ್ಲ, ಏಕೆಂದರೆ ವೈರಸ್ಸಿನ ಪಟ್ಟಿಯ ಜೊತೆಗೆ ಮೈಯ ಎಲ್ಲ ಪಟ್ಟಿಗಳ ಓದೂ ನಿಲ್ಲುತ್ತದೆ. ಮಂಗನ ಕಾಯಿಲೆಗೆ ನೇರ ಔಷಧ ಇಲ್ಲದಿರುವುದರ ಹಿಂದೆ ಈ ಕಟ್ಟುಪಾಡಿದೆ. ಆಸ್ಪತ್ರೆಯಲ್ಲಿ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಜ್ವರ ಯಾವುದೆಂದು ಅರಿಯಲು ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಇದೆ. ಅಂದರೆ ಹುಡುಕುವುದು ಚಿತ್ರದ ಆ ಪಟ್ಟಿಯನ್ನೇ. ದಿನಗಳು ಕಳೆದು ರಕ್ತದಿಂದ ವೈರಸ್ ಮರೆಯಾದ ಮೇಲೆ ಅದು ಸಿಗುವುದಿಲ್ಲ, ಆಗ ಮೈ ಕಟ್ಟಿದ ಐಜಿಎಂ ಪ್ರತಿಕಾಯಗಳನ್ನು ನೋಡಬೇಕು. ಕಾಡಿಗೆ ಹೋದದ್ದು, ಗದ್ದೆಗೆ ಇಳಿದದ್ದು ಯಾವಾಗ, ಜ್ವರ ಬಂದು ಎಷ್ಟು ದಿನವಾಯಿತು ಎಂದು ವೈದ್ಯರು ಒತ್ತಿ ಕೇಳುವುದು ಇದಕ್ಕೇ, ಅದನ್ನು ಮರೆಯದೆ ಹೇಳಬೇಕು.

ಹಾಗಾದರೆ ವೈರಸ್ಸನ್ನು ಎಲ್ಲಿ ಹಿಡಿಯಬಹುದು? ಚಿತ್ರದಲ್ಲಿ ನಮ್ಮದಲ್ಲದ, ಅದರದೇ ಆದ ಭಾಗಗಳಲ್ಲಿ ಮಾತ್ರ. ರೈಬೋಸೋಮ್ ನಮ್ಮದು, ಟಿ-ಆರ್‌ಎನ್‌ಎ ನಮ್ಮದು. ಸರಪಳಿಯನ್ನು ಕತ್ತರಿಸುವ NS3 ಅದರದು, ನಕಲು ತೆಗೆಯುವ NS5 ಅದರದು. ಇದೇ ದೊಡ್ಡ ಕುಟುಂಬಕ್ಕೆ ಸೇರಿದ ಹೆಪಟೈಟಿಸ್ ಸಿ ವೈರಸ್ಸಿನಲ್ಲಿ ಈ ದಾರಿ ಫಲ ಕೊಟ್ಟಿದೆ. ಅದರ ಕತ್ತರಿಸುವ ಕಿಣ್ವವನ್ನು ತಡೆಯುವ ಟೆಲಾಪ್ರೆವಿರ್ ಮತ್ತು ಬೊಸೆಪ್ರೆವಿರ್ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ನಕಲು ತೆಗೆಯುವ ಕಿಣ್ವವನ್ನು ತಡೆಯುವ ಸೊಫೊಸ್ಬುವಿರ್ 2013ರಲ್ಲಿ ಬಂತು, ಇಂದು ಆ ಕಾಯಿಲೆ ಕೆಲವು ವಾರಗಳ ಮಾತ್ರೆಯಲ್ಲಿ ಬಹುಪಾಲು ಜನರಿಗೆ ಪೂರ್ತಿ ವಾಸಿಯಾಗುತ್ತದೆ. ಆ ಔಷಧಗಳನ್ನು ತಂದು ಮಂಗನ ಕಾಯಿಲೆಗೆ ಕೊಟ್ಟರಾಯಿತು ಎನ್ನುವಂತಿಲ್ಲ. ಎರಡು ವೈರಸ್‌ಗಳ NS3 ಹೆಸರಿನಲ್ಲಿ ಒಂದೇ ಆದರೂ ಕತ್ತರಿಸುವ ಜಾಗದ ಆಕಾರ ಬೇರೆ, ಜೊತೆಗಾರ ಪ್ರೋಟೀನೂ ಬೇರೆ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಮೈಯಲ್ಲಿ ಉಳಿಯುವ ಕಾಯಿಲೆ, ಔಷಧಕ್ಕೆ ಸಮಯವಿರುತ್ತದೆ. ಮಂಗನ ಕಾಯಿಲೆಯಲ್ಲಿ ಜ್ವರ ಬಂದ ಮೊದಲ ವಾರದಲ್ಲೇ ವೈರಸ್ ತನ್ನ ಉತ್ತುಂಗ ಮುಟ್ಟಿರುತ್ತದೆ, ಆದ್ದರಿಂದ ಅದರ NS3 ತಡೆಯುವ ಮಾತ್ರೆ ಮುಂದೊಂದು ದಿನ ಬಂದರೂ ಅದು ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಜ್ವರದ ಮೊದಲೆರಡು ದಿನಗಳಲ್ಲೇ ಸಿಗುವಂತಿರಬೇಕು.